ಅವರೆಕಾಯಿ ವಾರ: ನಿಮ್ಮ ಹೋಟೆಲಿನಲ್ಲಿ ಏಳು ರಾತ್ರಿಯ ಊಟದ ಹಬ್ಬ ಮಾಡುವುದು ಹೇಗೆ?

ಜನವರಿ ಬಂತೆಂದರೆ ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರಿಗೆಲ್ಲ ಒಂದೇ ಯೋಚನೆ, ಅವರೆಕಾಯಿ ಹಬ್ಬ ಮಾಡೋಣ ಅಂತ. ಯೋಚನೆ ಒಳ್ಳೆಯದೇ. ಆದರೆ ಹೆಚ್ಚಿನವರು ಶುರು ಮಾಡುವುದು ಬಾಗಿಲಿನ ಅಲಂಕಾರದಿಂದ, ಲೆಕ್ಕ ಹಾಕುವುದು ಎಲ್ಲ ಮುಗಿದ ಮೇಲೆ. ಇದನ್ನು ತಿರುಗಿಸಿ ಮಾಡಬೇಕು. ಜಯನಗರದ ಕಡೆಯ ಒಂದು ಸಸ್ಯಾಹಾರಿ ಹೋಟೆಲ್ ಅಂತ ಇಟ್ಟುಕೊಳ್ಳೋಣ. 70 ಸೀಟು, ಹಬ್ಬ ರಾತ್ರಿ ಊಟಕ್ಕೆ ಮಾತ್ರ, ಒಂದೇ ಒಂದು ಹಬ್ಬದ ಊಟ, ಬೆಲೆ 450 ರೂಪಾಯಿ, ಜಿಎಸ್‌ಟಿ ಬೇರೆ. ಇದನ್ನೇ ಹಿಡಿದು ಒಂದೊಂದೇ ಹೆಜ್ಜೆ ನೋಡೋಣ. ದರ, ಕೂಲಿ ಎಲ್ಲ ಉದಾಹರಣೆಗೆ ಹಾಕಿದ್ದು, ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲು ವಾರ ಯಾವುದು ಅಂತ ನಿರ್ಧರಿಸಿ

ನಮ್ಮ ಕಡೆಯ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಬೆಳೆ. ಅದಕ್ಕೇ ಅದು ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ತಳಿಗಳನ್ನು ಕೊಟ್ಟಮೇಲೆ ಬೇರೆ ಕಾಲದಲ್ಲೂ ಕಾಯಿ ಸಿಗುತ್ತದೆ. ಆದರೆ ಜನ ಹುಡುಕಿಕೊಂಡು ಬರುವುದು ಸೊಗಡಿಗೆ. ಕಾಯಿ ಸುಲಿದ ಮೇಲೆ ಬೆರಳಿಗೆ ಎಣ್ಣೆಯಂತೆ ಅಂಟುವ ಆ ವಾಸನೆಗೆ. ಅದಿಲ್ಲದಿದ್ದರೆ ಹಬ್ಬ ಸುಮ್ನೆ ಹೆಸರಿಗಷ್ಟೇ.

ಸಂಕ್ರಾಂತಿಯ ವಾರ ಬೇಡ. ಆಗ ಪ್ರತಿ ಮನೆಯವರೂ ಅವರೆಕಾಯಿ, ಗೆಣಸು, ಕಬ್ಬು ಕೊಳ್ಳುತ್ತಾರೆ, ದರ ಏರುತ್ತದೆ, ಮನೆಯಲ್ಲೇ ಅವರೆ ಇರುವಾಗ ಹೋಟೆಲಿಗೆ ಯಾರು ಬರುತ್ತಾರೆ? ವಿ.ವಿ.ಪುರಂ ತಿಂಡಿ ಬೀದಿಯಲ್ಲಿ ಶುರುವಾಗಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋದ ಅವರೆಬೇಳೆ ಮೇಳದ ಜೊತೆಗೂ ಪೈಪೋಟಿ ಬೇಡ. ಅಲ್ಲಿ ಬಗೆಬಗೆಯ ತಿಂಡಿ ಇರುತ್ತದೆ, ಜನ ನಿಂತುಕೊಂಡು ತಿನ್ನುತ್ತಾರೆ. ನೀವು ಕೊಡಬಹುದಾದದ್ದು ಬೇರೆ: ಕೂತು, ಎಲೆ ಹಾಕಿಸಿಕೊಂಡು, ಬಿಸಿ ಮುದ್ದೆಗೆ ಹಿತಕಿದ ಬೇಳೆ ಸಾರು ಬಡಿಸಿಕೊಂಡು ಉಣ್ಣುವ ಊಟ. ನಿಮ್ಮ ಹಬ್ಬದ ಕಲ್ಪನೆ ಇಷ್ಟೇ ಇರಲಿ, 'ಅವರೆ ಸಂಭ್ರಮ' ಅಂತ ಹೆಸರಿಟ್ಟು ಅವರೆ ನೂಡಲ್ಸ್, ಅವರೆ ಪಿಜ್ಜಾ ಎಲ್ಲ ತುಂಬಬೇಡಿ.

ಹಾಗಾಗಿ ಸಂಕ್ರಾಂತಿ ಮುಗಿದ ಮುಂದಿನ ಸೋಮವಾರ ಶುರು, ಭಾನುವಾರ ಮುಕ್ತಾಯ. ಇನ್ನೂ ತಡ ಮಾಡಿದರೆ ಕಾಳು ಬಲಿಯುತ್ತಾ ಹೋಗುತ್ತದೆ. ಸೋಮವಾರವೇ ಯಾಕೆ ಅಂದರೆ, ಮೊದಲ ನಾಲ್ಕು ರಾತ್ರಿ ಜನ ಕಡಿಮೆ, ಅಷ್ಟರಲ್ಲಿ ಅಡುಗೆಮನೆಗೆ ಕೈ ಕೂರುತ್ತದೆ, ತಿಂದವರು ನಾಲ್ಕು ಜನಕ್ಕೆ ಹೇಳುತ್ತಾರೆ, ಶನಿವಾರದ ಗುಂಪು ಬರುವ ಹೊತ್ತಿಗೆ ನೀವು ತಯಾರಾಗಿರುತ್ತೀರಿ.

ಮೆನು ಚಿಕ್ಕದಾಗಿರಲಿ, ಒಲೆ ನೋಡಿ ಬರೆಯಿರಿ

ಊಟದಲ್ಲಿ ಅವರೆ ಬರುವುದು ಮೂರು ಕಡೆ ಸಾಕು: ಮುದ್ದೆಯ ಜೊತೆ ಹಿತಕಿದ ಬೇಳೆ ಸಾರು, ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಬದಿಗೆ ಒಂದು ಹಿಡಿ ಹುರಿದ ಬೇಳೆಯ ಖಾರ. ಉಳಿದದ್ದು ಹಗುರವಾಗಿರಲಿ. ಸೌತೆಕಾಯಿ ಕೋಸಂಬರಿ, ಅನ್ನ, ತಿಳಿಸಾರು, ಮಜ್ಜಿಗೆ, ಸಿಹಿಗೆ ಎಳ್ಳಿನ ಹೋಳಿಗೆ. ಎಲ್ಲದರಲ್ಲೂ ಅವರೆ ಇದ್ದರೆ ಅರ್ಧ ಊಟಕ್ಕೇ ಹೊಟ್ಟೆ ಭಾರ. ರಾತ್ರಿ ಊಟ ಬೇರೆ. ಸಾರಿಗೆ ಶುಂಠಿ, ಬೆಳ್ಳುಳ್ಳಿ ಧಾರಾಳವಾಗಿ ಹಾಕಲು ಹೇಳಿ.

ಇಲ್ಲಿ ಎಲ್ಲರೂ ಎಡವುವ ಜಾಗ ರೊಟ್ಟಿ. ಒಂದು ಅಕ್ಕಿರೊಟ್ಟಿ ಸರಿಯಾಗಿ ಬೇಯಲು 5 ನಿಮಿಷ ಬೇಕು. ಕಾವಲಿಯ ಮೇಲೆ ಒಮ್ಮೆಗೆ ನಾಲ್ಕು ಹಿಡಿಸಿದರೆ ಗಂಟೆಗೆ 48. ಶನಿವಾರ 110 ಜನ ಬಂದರೆ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಟೂವರೆಯಿಂದ ಒಂಬತ್ತೂವರೆ ಒಳಗೇ ಕೂರುತ್ತಾರೆ. ಆಗ ಉರಿ ಜೋರು ಮಾಡುತ್ತಾರೆ, ರೊಟ್ಟಿ ಹೊರಗೆ ಕಂದು ಬಣ್ಣ, ಒಳಗೆ ಹಸಿ ಹಿಟ್ಟು. ಹಸಿ ರೊಟ್ಟಿ ಬಂದರೆ ಅಡುಗೆಯವರನ್ನು ಬೈದು ಉಪಯೋಗವಿಲ್ಲ, ಕಾವಲಿ ಸಾಲದು ಅಂತ ಅರ್ಥ. ಎರಡನೇ ಕಾವಲಿ ಇಡಿ, ಜಾಗವಿಲ್ಲದಿದ್ದರೆ ಶನಿವಾರ, ಭಾನುವಾರ ಮಾತ್ರ ರೊಟ್ಟಿಯ ಬದಲು ಅವರೆಕಾಳಿನ ಅಕ್ಕಿತರಿ ಉಪ್ಪಿಟ್ಟು ಕೊಡಿ. ಅದನ್ನು ದೊಡ್ಡ ಬಾಣಲೆಯಲ್ಲಿ ಒಮ್ಮೆಗೇ ಮಾಡಬಹುದು. ಈ ಬದಲಾವಣೆಯನ್ನು ಮೆನುವಿನಲ್ಲಿ ಮೊದಲೇ ಬರೆದುಬಿಡಿ.

ಕಾಯಿಯಿಂದ ಬೇಳೆಯವರೆಗೆ

ಇದು ಇಡೀ ಹಬ್ಬದ ಜೀವ. ಕಾಯಿ ಸುಲಿದರೆ ಕಾಳು. ಕಾಳನ್ನು ನೆನೆಸಿ ಬೆರಳಲ್ಲಿ ಹಿತುಕಿದರೆ ಸಿಪ್ಪೆ ಜಾರಿ ಬೇಳೆ ಹೊರಬರುತ್ತದೆ. ಎರಡು ಸಲ ತೂಕ ಕಳೆಯುತ್ತದೆ. ಲೆಕ್ಕಕ್ಕೆ, 1 ಕೆಜಿ ಕಾಯಿಗೆ 400 ಗ್ರಾಂ ಕಾಳು, ಅಷ್ಟು ಕಾಳಿಗೆ 300 ಗ್ರಾಂ ಹಿತಕಿದ ಬೇಳೆ ಅಂತ ಹಿಡಿಯೋಣ. ಕಾಯಿ ಎಳೆಯದಾದಷ್ಟೂ ಇದು ಇಳಿಯುತ್ತದೆ, ಆದ್ದರಿಂದ ಹಬ್ಬಕ್ಕೆ ಒಂದು ವಾರ ಮುಂಚೆ ನೀವು ಕೊಳ್ಳುವ ಅಂಗಡಿಯದೇ 5 ಕೆಜಿ ತಂದು, ಸುಲಿಸಿ, ಹಿತುಕಿಸಿ, ತೂಗಿ, ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಒಂದು ಊಟಕ್ಕೆ ಸಾರಿಗೆ 70 ಗ್ರಾಂ, ಖಾರಕ್ಕೆ 15 ಗ್ರಾಂ, ಒಟ್ಟು 85 ಗ್ರಾಂ ಬೇಳೆ. ರೊಟ್ಟಿಗೆ 40 ಗ್ರಾಂ ಕಾಳು. ಶನಿವಾರದ 110 ಊಟಕ್ಕೆ ಸುಮಾರು 42 ಕೆಜಿ ಕಾಯಿ ಬೇಕು. ಕಾಯಿಗೆ ಕೆಜಿಗೆ 60 ರೂಪಾಯಿ ಇದ್ದರೆ ಒಂದು ಊಟಕ್ಕೆ ಅವರೆಯ ಖರ್ಚು 23 ರೂಪಾಯಿ. ದರ 100ಕ್ಕೆ ಏರಿದರೂ 38. ಮಾರುಕಟ್ಟೆ ದರ ಏರಿತು ಅಂತ ಗಾಬರಿಯಾಗುವವರು ಇದನ್ನು ನೋಡಿ, ದುಡ್ಡು ಹೋಗುವುದು ಕಾಯಿಗಿಂತ ಜಾಸ್ತಿ ಕೈಕೆಲಸಕ್ಕೆ. ಹಿತಕಿದ ಬೇಳೆ ಮಾರುಕಟ್ಟೆಯಲ್ಲಿ ರೆಡಿ ಸಿಗುತ್ತದೆ ನಿಜ. ಆದರೆ ಯಾವಾಗ ನೆನೆಸಿದ್ದು ಅಂತ ಗೊತ್ತಾಗುವುದಿಲ್ಲ. ಹಿತಕಿದ ಬೇಳೆ ಹೊರಗಿಟ್ಟರೆ ಬೇಗ ಕೆಡುತ್ತದೆ, ಮುಟ್ಟಿದರೆ ಲೋಳೆ, ಮೂಗಿಗೆ ಹುಳಿ ವಾಸನೆ. ಅಂಥದ್ದನ್ನು ಎಷ್ಟು ತೊಳೆದರೂ ಸರಿಯಾಗುವುದಿಲ್ಲ, ಚೆಲ್ಲಬೇಕು.

ಸಮಯದ ಸರಪಳಿ ಹೀಗಿರಲಿ. ಶನಿವಾರದ ಊಟಕ್ಕೆ ಶುಕ್ರವಾರ ಬೆಳಿಗ್ಗೆ ಕಾಯಿ, ಹಗಲಲ್ಲಿ ಸುಲಿಯುವುದು (ಹುಳು ಕೊರೆದ ಕಾಳು ಇಲ್ಲೇ ಆರಿಸಬೇಕು), ರಾತ್ರಿ ನೆನೆಸುವುದು, ಶನಿವಾರ ಬೆಳಿಗ್ಗೆ ಹಿತುಕಿ ಫ್ರಿಜ್ಜಿಗೆ. ಅಂದರೆ ಶನಿವಾರ ಎಷ್ಟು ಊಟ ಅನ್ನುವುದು ಗುರುವಾರ ರಾತ್ರಿಯೇ ಗೊತ್ತಿರಬೇಕು. ಬೇಳೆಯನ್ನೂ ರುಬ್ಬಿದ ತೆಂಗಿನಕಾಯಿ ಮಸಾಲೆಯನ್ನೂ ಬೇರೆ ಬೇರೆ ಇಟ್ಟುಕೊಂಡು, 25 ಊಟಕ್ಕೆ ಆಗುವಷ್ಟು ಸಾರು ಆಗಾಗ ಕೂಡಿಸಿ. ಒಂದೇ ಹಂಡೆ ಸಾರು ರಾತ್ರಿಯಿಡೀ ಕುದಿಯುತ್ತಿದ್ದರೆ ಒಂಬತ್ತು ಗಂಟೆಗೆ ಬೇಳೆ ಕರಗಿ ಗಂಜಿಯಾಗಿರುತ್ತದೆ. ಬೇಳೆ ಇಡಿಯಾಗಿ ಕಾಣಬೇಕು, ಹಲ್ಲಿಗೆ ಬೆಣ್ಣೆಯಂತೆ ಸಿಗಬೇಕು. ಕುಕ್ಕರ್ ಬೇಡವೇ ಬೇಡ. ಖಾರಕ್ಕೆ ಹುರಿಯುವ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ನೀರಿದ್ದರೆ ಎಣ್ಣೆ ಸಿಡಿಯುತ್ತದೆ.

ಬಜೆಟ್: ಹೊಸಬರು ಎಷ್ಟು ಬರಬೇಕು?

ನಮ್ಮ ಅಂದಾಜು, ಸೋಮವಾರದಿಂದ ಗುರುವಾರ ದಿನಕ್ಕೆ 50 ಊಟ, ಶುಕ್ರವಾರ 80, ಶನಿವಾರ ಮತ್ತು ಭಾನುವಾರ 110. ಒಟ್ಟು 500. ವ್ಯಾಪಾರ 2,25,000 ರೂಪಾಯಿ. ಈ ಅಂಕಿ ನೋಡಿ ಖುಷಿಪಡುವುದು ಸುಲಭ, ಆದರೆ ಇದರಲ್ಲಿ 250 ಜನ ಹಬ್ಬ ಇಲ್ಲದಿದ್ದರೂ ಬರುತ್ತಿದ್ದವರು, ತಲೆಗೆ 300 ರೂಪಾಯಿ ಖರ್ಚು ಮಾಡುತ್ತಿದ್ದವರು.

ಹಬ್ಬದ ಊಟದ ಸಾಮಾನಿಗೆ 150 ರೂಪಾಯಿ ಹಿಡಿದರೆ ಒಂದು ಊಟಕ್ಕೆ 300 ಉಳಿಯುತ್ತದೆ. ಹೊಸಬರು ಬಂದರೆ ಆ 300 ಪೂರ್ತಿ ಹೊಸ ದುಡ್ಡು. ಹಳಬರು ಮೊದಲೂ ಸಾಮಾನಿನ ಖರ್ಚು ಕಳೆದು 200 ಉಳಿಸಿಕೊಡುತ್ತಿದ್ದರು, ಅವರಿಂದ ಜಾಸ್ತಿ ಸಿಗುವುದು ಬರೀ 100. ಅಂದರೆ 250 ಹಳಬರಿಂದ 25,000.

ಖರ್ಚು ನೋಡಿ. ಸುಲಿದು ಹಿತುಕಲು ನಾಲ್ಕು ಜನ, ದಿನಕ್ಕೆ 600ರಂತೆ, ಮುದ್ದೆ ಮತ್ತು ರೊಟ್ಟಿಗೆ ಇಬ್ಬರು, 900ರಂತೆ, ಎಲ್ಲ ಸೇರಿ ಹತ್ತಿರ ಹತ್ತಿರ 30,000. ಪ್ರಚಾರಕ್ಕೆ 30,000. ಎಲೆ, ಹೂವು, ಅಲಂಕಾರ 15,000. ಮುಂಚಿನ ಪ್ರಯೋಗದ ಅಡುಗೆಗೆ 8,000, ಹಾಳಾಗುವುದಕ್ಕೆ 7,000. ಒಟ್ಟು 90,000. ಹಳಬರ 25,000 ಕಳೆದರೆ 65,000 ಹೊಸಬರಿಂದ ಬರಬೇಕು. ಅದಕ್ಕೆ 217 ಜನ ಬೇಕು. ರಾತ್ರಿಗೆ ಸರಾಸರಿ 31 ಹೊಸ ಮುಖ. 250 ಬಂದರೆ ಕೈಗೆ ಉಳಿಯುವುದು ಸುಮಾರು 10,000, ಅಷ್ಟೇ. ಈಗ ಅಲಂಕಾರದವನು ಇನ್ನೊಂದು 10,000 ಕೇಳಿದಾಗ ಏನು ಹೇಳಬೇಕು ಅಂತ ನಿಮಗೇ ಗೊತ್ತಾಗುತ್ತದೆ, ಅದು ಇನ್ನೂ 33 ಜನರ ಊಟ.

ಇನ್ನೊಂದು ವಿಷಯ. ರೆಸ್ಟೋರೆಂಟ್‌ಗೆ 5% ಜಿಎಸ್‌ಟಿ ಕಟ್ಟುವವರಿಗೆ ಕೊಂಡ ವಸ್ತು, ಸೇವೆಗಳ ಮೇಲೆ ಕಟ್ಟಿದ ತೆರಿಗೆ ವಾಪಸ್ ಹಿಡಿಯಲು ಬರುವುದಿಲ್ಲ. ಹಾಗಾಗಿ ವಿಡಿಯೊದವರ, ಬಾಡಿಗೆಯವರ ಬಿಲ್ಲನ್ನು ತೆರಿಗೆ ಸೇರಿಸಿಯೇ ಬಜೆಟ್ಟಿಗೆ ಬರೆಯಿರಿ.

ಪ್ರಚಾರ

ಮೂರು ವಾರ ಮುಂಚೆ ಶುರು. 10,000 ಒಳ್ಳೆಯ ಫೋಟೊ, ವಿಡಿಯೊಗೆ, 14,000 ಹೋಟೆಲಿನ ಸುತ್ತ 5 ಕಿಲೋಮೀಟರ್ ಒಳಗೆ ಮೊಬೈಲಿನಲ್ಲಿ ಕಾಣುವ ಜಾಹೀರಾತಿಗೆ, 6,000 ಬಾಗಿಲ ಬೋರ್ಡು ಮತ್ತು ಟೇಬಲ್ ಕಾರ್ಡಿಗೆ. ರಸ್ತೆಗೆ ಫ್ಲೆಕ್ಸ್ ಕಟ್ಟಿಸಬೇಡಿ, ಅನುಮತಿ ಇಲ್ಲದೆ ಕಟ್ಟಿದರೆ ದಂಡ. ವಿಡಿಯೊದಲ್ಲಿ ಬಡಿಸಿದ ಎಲೆಗಿಂತ, ನೆನೆದ ಕಾಳನ್ನು ಹಿತುಕಿದಾಗ ಬೇಳೆ ಚಿಮ್ಮುವುದನ್ನು ತೋರಿಸಿ. ಮನೆಯಲ್ಲಿ ಅಜ್ಜಿ ಜೊತೆ ಕೂತು ಹಿತುಕಿದವರಿಗೆ ಬೇರೆ ಮಾತೇ ಬೇಕಿಲ್ಲ, ಈಗ ಮನೆಯಲ್ಲಿ ಆ ಕೆಲಸಕ್ಕೆ ಪುರುಸೊತ್ತಿಲ್ಲದವರೇ ನಿಮ್ಮ ಹೊಸ ಗಿರಾಕಿಗಳು. ಅಪಾರ್ಟ್‌ಮೆಂಟ್ ಸಂಘದವರಿಗೆ ನೇರ ಫೋನ್ ಮಾಡಿ, ಹತ್ತು ಜನರ ಟೇಬಲ್ ವಾರದ ನಡುವೆ ಬುಕ್ ಮಾಡಿ ಅಂತ ಕೇಳಿ.

ಶನಿವಾರ, ಭಾನುವಾರ ಏಳೂಕಾಲು ಮತ್ತು ಒಂಬತ್ತು, ಹೀಗೆ ಎರಡು ಪಂಕ್ತಿಗೆ ಬುಕಿಂಗ್ ತೆಗೆದುಕೊಳ್ಳಿ. ಬಿಲ್ ಕೊಡುವಾಗ ಪ್ರತಿ ಟೇಬಲ್ಲಿಗೂ ಒಂದೇ ಪ್ರಶ್ನೆ: ಮೊದಲ ಸಲ ಬರ್ತಿದ್ದೀರಾ, ಎಲ್ಲಿ ನೋಡಿದಿರಿ? ಉತ್ತರವನ್ನು ಬಿಲ್ಲಿನ ಹಿಂದೆ ಬರೆಯಲಿ.

ಬುಧವಾರ ರಾತ್ರಿ ಆ ಬಿಲ್ಲುಗಳನ್ನು ಎಣಿಸಿ. ವಾರದ ನಡುವೆ ರಾತ್ರಿಗೆ 15 ಹೊಸಬರು, ಶುಕ್ರವಾರ 40, ಶನಿವಾರ ಭಾನುವಾರ 75 ಅನ್ನುವುದು ನಮ್ಮ 250ರ ಲೆಕ್ಕ, ಹಾಗಾಗಿ ಬುಧವಾರಕ್ಕೆ 45 ಆಗಿರಬೇಕು. 20 ಮಾತ್ರ ಆಗಿದ್ದರೆ ಬೆಲೆ ಇಳಿಸಬೇಡಿ, ಇಳಿಸಿದರೆ ಹೇಗೂ ಬರುತ್ತಿದ್ದ ಹಳಬರಿಗೇ ಅದು ಲಾಭ. ಉಳಿದ ಜಾಹೀರಾತಿನ ದುಡ್ಡನ್ನು ಹೊಸಬರು ಜಾಸ್ತಿ ಹೇಳಿದ ಕಡೆಗೆ ತಿರುಗಿಸಿ, ಗುರುವಾರ ರಾತ್ರಿ ಬುಕಿಂಗ್ ನೋಡಿಕೊಂಡು ಶನಿವಾರದ ಕಾಯಿಯನ್ನು 42 ಕೆಜಿ ಬದಲು 30ಕ್ಕೆ ಇಳಿಸಿ ಅಂಗಡಿಯವರಿಗೆ ಫೋನ್ ಮಾಡಿ.