ಮೂರು ಖಾತೆ, ಒಂದು ಅಡುಗೆಮನೆ

ಮದುವೆಯಾಗಿ ಕಾರವಾರದಲ್ಲಿ ಬಾಡಿಗೆ ಮನೆ ಮಾಡಿದಾಗ ನನ್ನ ಸಂಬಳ 28,000 ರೂಪಾಯಿ, ಇವರದ್ದು 42,000. ನನಗೆ ತಿಂಗಳ ಕೊನೆಯ ದಿನ ಸಂಬಳ ಬರುತ್ತದೆ, ಇವರಿಗೆ 5ನೇ ತಾರೀಕಿಗೆ. ಈ ತಾರೀಕುಗಳು ಮುಖ್ಯ ಅಂತ ಆಗ ಗೊತ್ತಿರಲಿಲ್ಲ.

ಮೊದಲ ಮೂರು ತಿಂಗಳು ಅವರವರ ಖಾತೆ ಅವರವರ ಹತ್ತಿರವೇ ಇತ್ತು. ಇವರು ಬಾಡಿಗೆ, ಕರೆಂಟ್ ಬಿಲ್ ಕಟ್ಟುತ್ತಿದ್ದರು. ಹಾಲು, ತರಕಾರಿ, ಮೀನು, ಗ್ಯಾಸ್ ನನ್ನದು. ಬಾಡಿಗೆ ಒಂದೇ ದೊಡ್ಡ ಮೊತ್ತ, ಅದು ಕಣ್ಣಿಗೆ ಕಾಣುತ್ತದೆ. ನನ್ನ ಖರ್ಚು ಇನ್ನೂರು, ಮುನ್ನೂರರ ಲೆಕ್ಕದಲ್ಲಿ ದಿನಾ ಹೋಗುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಕೂಡಿಸಿ ನೋಡಿದರೆ ನನ್ನದೇ ಜಾಸ್ತಿ ಆಗಿತ್ತು.

ಹಾಗಾದರೆ ಎಲ್ಲಾ ಒಂದೇ ಕಡೆ ಇರಲಿ ಅಂತ ಜಂಟಿ ಖಾತೆ ತೆರೆದೆವು. ಅರ್ಜಿಯಲ್ಲಿ ಖಾತೆ ಯಾರು ನಡೆಸುತ್ತೀರಿ ಅಂತ ಕೇಳುವ ಜಾಗ ಇರುತ್ತದೆ. "ಜಾಯಿಂಟ್ಲಿ" ಅಂದರೆ ಇಬ್ಬರದ್ದೂ ಅಂತ ತಿಳಿದು ಅದಕ್ಕೇ ಗುರುತು ಹಾಕಿದೆವು. ಅದರ ಅರ್ಥ ಬೇರೆ. ಪ್ರತಿ ಸಲ ಹಣ ತೆಗೆಯಲು ಇಬ್ಬರ ಸಹಿಯೂ ಬೇಕು. ನಮಗೆ ಎಟಿಎಂ ಕಾರ್ಡೂ ಸಿಗಲಿಲ್ಲ. ಗಂಡ ಹೆಂಡತಿಗೆ ಸಾಮಾನ್ಯವಾಗಿ ಬೇಕಾದದ್ದು "ಐದರ್ ಆರ್ ಸರ್ವೈವರ್". ಅದರಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಖಾತೆ ನಡೆಸಬಹುದು. ಮತ್ತೆ ಇಬ್ಬರೂ ಹೋಗಿ ಸಹಿ ಹಾಕಿ ಬದಲಿಸಿಕೊಂಡೆವು.

ಎರಡೂ ಸಂಬಳ ಅದಕ್ಕೇ ಹಾಕತೊಡಗಿದ ಮೇಲೆ ಬೇರೆ ತೊಂದರೆ ಶುರುವಾಯಿತು. ಮೊದಲ ಹೆಸರು ಇವರದ್ದಾದ್ದರಿಂದ ಮೆಸೇಜ್ ಇವರ ಫೋನಿಗೆ ಮಾತ್ರ ಬರುತ್ತಿತ್ತು. ಒಂದು ತಿಂಗಳು 2ನೇ ತಾರೀಕಿಗೆ ಇವರು ಬಾಡಿಗೆ ಕಳಿಸಿದ್ದರು, ನನಗೆ ಗೊತ್ತಿರಲಿಲ್ಲ. ನಾನು ಅಂಕೋಲೆಯಲ್ಲಿರುವ ಅಮ್ಮನ ಔಷಧಿಗೆ, ಮನೆ ಸಾಮಾನಿಗೆ ಖರ್ಚು ಮಾಡಿದೆ. 4ಕ್ಕೆ ಬೈಕ್ ಸಾಲದ 4,200 ರೂಪಾಯಿ ಕಂತು ಹಣ ಸಾಲದೆ ವಾಪಸಾಯಿತು, ದಂಡವೂ ಬಿತ್ತು. ಇವರು ಬೈಯಲಿಲ್ಲ. "ಅಮ್ಮನಿಗೆ ಎಷ್ಟು ಕಳಿಸಿದೆ?" ಅಂತ ಕೇಳಿದರು, ಅಷ್ಟೇ. ಆದರೂ ನನಗೆ ತುಂಬಾ ಬೇಜಾರಾಯಿತು. ನಾನು ದುಡಿದ ಹಣ ಅಮ್ಮನಿಗೆ ಕೊಟ್ಟಿದ್ದಕ್ಕೆ ಲೆಕ್ಕ ಹೇಳಬೇಕಾ ಅನ್ನಿಸಿತು. ಕೇಳಿದ್ದು ತಪ್ಪು ಅಂತ ಇವರಿಗೂ ಅನ್ನಿಸಿತು.

ಅವತ್ತು ರಾತ್ರಿ ಕೂತು ಮನೆಯ ಖರ್ಚು ಮಾತ್ರ ಬರೆದೆವು. ಬಾಡಿಗೆ 9,000. ದಿನಸಿ, ಹಾಲು, ತರಕಾರಿ, ಮೀನು 12,000. ಗ್ಯಾಸ್, ಕರೆಂಟ್, ಇಂಟರ್‌ನೆಟ್ 3,000. ಹಬ್ಬ, ಆಸ್ಪತ್ರೆ ಅಂತ 4,000. ಮಳೆಗಾಲಕ್ಕೆ 2,000. ಈ ಕೊನೆಯದನ್ನು ನಾನೇ ಹಟ ಮಾಡಿ ಸೇರಿಸಿದ್ದು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಂಗಡೆಯೂ ದುಬಾರಿಯಾಗುತ್ತದೆ. ಮೇ ತಿಂಗಳಲ್ಲೇ ಕುಚ್ಚಲಕ್ಕಿ, ಒಣಮೀನು, ಒಣ ಸೀಗಡಿ ತಂದಿಡಬೇಕು, ಅಲ್ವಾ?

ಒಟ್ಟು 30,000 ಆಯಿತು. ಅರ್ಧರ್ಧ ಹಾಕಿದರೆ ತಲಾ 15,000. ಆಗ ನನ್ನ ಕೈಯಲ್ಲಿ 13,000, ಇವರ ಕೈಯಲ್ಲಿ 27,000 ಉಳಿಯುತ್ತದೆ. ಅದು ನ್ಯಾಯ ಅನ್ನಿಸಲಿಲ್ಲ. ಇಬ್ಬರ ಸಂಬಳ ಸೇರಿ 70,000, ಅದರಲ್ಲಿ ನನ್ನದು ನೂರಕ್ಕೆ 40 ಪಾಲು. ಹಾಗಾಗಿ ನಾನು 12,000, ಇವರು 18,000 ಹಾಕುವುದು ಅಂತ ಮಾಡಿದೆವು. ಉಳಿದ 16,000 ನನ್ನ ಖಾತೆಯಲ್ಲಿ, 24,000 ಇವರ ಖಾತೆಯಲ್ಲಿ. ಅಮ್ಮನಿಗೆ ಕೊಡುವುದು, ಬೈಕ್ ಕಂತು, ಅವರವರ ಉಳಿತಾಯ ಎಲ್ಲಾ ಅದರಿಂದ.

ಈಗ 6ನೇ ತಾರೀಕಿಗೆ ಇಬ್ಬರ ಸಂಬಳ ಖಾತೆಯಿಂದಲೂ ಹಣ ತಾನಾಗಿ ಜಂಟಿ ಖಾತೆಗೆ ಹೋಗುತ್ತದೆ. ಮನೆ ಮಾಲೀಕರಿಗೆ ಹೇಳಿ ಬಾಡಿಗೆಯನ್ನು 8ಕ್ಕೆ ಮಾಡಿಕೊಂಡೆವು. ಬ್ಯಾಂಕಿನಲ್ಲಿ ಕೇಳಿ ನನ್ನ ನಂಬರನ್ನೂ ಮೆಸೇಜಿಗೆ ಸೇರಿಸಿದೆವು. ಇಬ್ಬರಲ್ಲಿ ಯಾರು ಮಾರುಕಟ್ಟೆಗೆ ಹೋದರೂ ಈ ಖಾತೆಯಿಂದಲೇ ಕೊಡುತ್ತೇವೆ. ಆದ್ದರಿಂದ ನನ್ನ ಇನ್ನೂರು, ಮುನ್ನೂರು ಈಗ ಬಾಡಿಗೆಯ ಪಕ್ಕದಲ್ಲೇ ಕಾಣುತ್ತದೆ. ದೊಡ್ಡ ಉಳಿತಾಯವನ್ನು ಮಾತ್ರ ಇಲ್ಲಿ ಇಡುವುದಿಲ್ಲ. ಜಂಟಿ ಠೇವಣಿಯ ಬಡ್ಡಿಗೆ ಮೂಲದಲ್ಲೇ ಕಡಿಯುವ ತೆರಿಗೆ ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್‌ಗೆ ಹೋಗುತ್ತದೆ. ಹಣ ಯಾರದ್ದು ಅಂತ ಆಮೇಲೆ ಬಿಡಿಸುವುದು ಕಷ್ಟ.

ಒಂದು ಕೆಲಸ ತಡವಾಗಿ ನೆನಪಾಯಿತು. ನನ್ನ ಸಂಬಳದ ಖಾತೆಗೆ ನಾಮಿನಿ ಇನ್ನೂ ಅಪ್ಪನೇ ಆಗಿದ್ದರು, ಇವರ ಖಾತೆಗೆ ನಾಮಿನಿಯೇ ಇರಲಿಲ್ಲ. ಎರಡೂ ಸರಿ ಮಾಡಿದೆವು.

ಈ ಏಪ್ರಿಲ್‌ನಲ್ಲಿ ನನ್ನ ಸಂಬಳ 30,000 ಆಯಿತು, ಇವರದ್ದು 45,000. ಪಾಲು ಮತ್ತೆ ಹಾಕಿ ನೋಡಿದೆವು, ಅದೇ 40 ಮತ್ತು 60 ಬಂತು. ಖರ್ಚಿನ ಪಟ್ಟಿಯಲ್ಲಿ ಗ್ಯಾಸಿನ ಸಾಲು ಮಾತ್ರ ತಿದ್ದಿದೆವು.