ಕಾಫಿ ಪ್ಯಾಕೆಟ್ ಮೇಲಿನ ಸೀಲ್ ಓದೋದು ಹೇಗೆ?

ಮಾಟುಂಗಾದಲ್ಲಿ ಕಣ್ಣೆದುರಿಗೇ ಬೀಜ ಹುರಿಸಿ ಪುಡಿ ಮಾಡಿಸಿಕೊಂಡು ಬರೋ ನಮ್ಮೋರ ಮನೆಗಳಲ್ಲೂ ಈಗ ಮಕ್ಕಳು ಮಾಲ್‌ನಿಂದ ತಂದ ಕಾಫಿ ಪ್ಯಾಕೆಟ್ ಒಂದು ಇರತ್ತೆ, ಮೇಲೊಂದು ಸೀಲು, ರೇಟು ಮಾತ್ರ ಹೆಚ್ಚುಕಮ್ಮಿ ಡಬಲ್. ಈ ಜಾಸ್ತಿ ದುಡ್ಡು ಬೆಳೆದೋರಿಗೆ ಹೋಗತ್ತಾ? ಸ್ವಲ್ಪ ಹೋಗತ್ತೆ, ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು.

ಮೊದಲು ಸೀಲ್ ಯಾವುದು ನೋಡಿ. ಹಸಿರು ಕಪ್ಪೆ ಇದ್ರೆ ಅದು ರೈನ್‌ಫಾರೆಸ್ಟ್ ಅಲಯನ್ಸ್, ಅದರಲ್ಲಿ ಕಾಡು, ನೀರು, ಕೆಲಸದೋರ ಬಗ್ಗೆ ರೂಲ್ಸ್ ಇವೆ, ಕೊಳ್ಳೋರು ಮಾರ್ಕೆಟ್ ರೇಟಿನ ಮೇಲೆ ಏನೋ ಒಂದಷ್ಟು ಸೇರಿಸಿ ಕೊಡಬೇಕು, ಆದ್ರೆ ಕಾಫಿಗೆ ಇಂತಿಷ್ಟಕ್ಕಿಂತ ಕಮ್ಮಿ ಕೊಡಬಾರದು ಅನ್ನೋ ಕನಿಷ್ಠ ಬೆಲೆ ಇಲ್ಲ. ಜೈವಿಕ್ ಭಾರತ್ ಲೋಗೋ ಇದ್ರೆ ಅದು ಸಾವಯವ ಅನ್ನೋದಕ್ಕೆ ಮಾತ್ರ, ಬೆಲೆಗೂ ಅದಕ್ಕೂ ಸಂಬಂಧ ಇಲ್ಲ. ಕಪ್ಪು ಹಿನ್ನೆಲೆ ಮೇಲೆ ನೀಲಿ-ಹಸಿರು ಬಣ್ಣ, ಕೈ ಎತ್ತಿ ನಿಂತ ಮನುಷ್ಯನ ಹಾಗೆ ಕಾಣೋದು ಫೇರ್‌ಟ್ರೇಡ್. ಕನಿಷ್ಠ ಬೆಲೆಯ ಮಾತು ಬರೋದು ಇದರಲ್ಲೇ.

ಈಗ ಆ ಮಾತು ಏನು ಅಂತ ನೋಡೋಣ. ಪಲ್ಪ್ ಮಾಡಿ ತೊಳೆದ ಅರೇಬಿಕಾಗೆ 2023ರ ಆಗಸ್ಟ್‌ನಿಂದ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ, ಅದಕ್ಕೂ ಮುಂಚೆ 1.40 ಇತ್ತು. ಮಾರ್ಕೆಟ್ ಇದಕ್ಕಿಂತ ಮೇಲಿದ್ರೆ ಮಾರ್ಕೆಟ್ ರೇಟೇ ಕೊಡಬೇಕು, ಎರಡರಲ್ಲೂ ಮೇಲೆ 20 ಸೆಂಟ್ ಪ್ರೀಮಿಯಂ. ಈ ದುಡ್ಡು ಬೆಳೆಗಾರರ ಜೇಬಿಗೆ ಸೀದಾ ಬರಲ್ಲ, ಅವರ ಸಹಕಾರಿ ಸಂಘಕ್ಕೆ ಬರತ್ತೆ. ಅದೂ ಬಂದರಿನಲ್ಲಿ ಹಡಗಿಗೆ ಏರಿಸೋ ಹಂತದ ಬೆಲೆ, ಹಾಗಾಗಿ ಕ್ಯೂರಿಂಗು, ಲಾರಿ ಬಾಡಿಗೆ, ಆಡಿಟ್ ಫೀಸು ಎಲ್ಲ ಕಳೆದು ಉಳಿದದ್ದು ತೋಟಕ್ಕೆ. ಪ್ರೀಮಿಯಂ ಯಾವುದಕ್ಕೆ ಖರ್ಚು ಮಾಡೋದು ಅಂತ ಸದಸ್ಯರು ಸಭೆ ಸೇರಿ ತೀರ್ಮಾನ ಮಾಡ್ತಾರೆ, ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ, ಕ್ವಾಲಿಟಿ ಸುಧಾರಣೆಗೇ ಇಡಬೇಕು.

ನಿಮ್ಮ ಪ್ಯಾಕೆಟ್ಟಿನ ಲೆಕ್ಕ ಹೀಗೆ. ಹುರಿದಾಗ ಬೀಜ ತೂಕ ಕಳ್ಕೊಳ್ಳತ್ತೆ, ಹಾಗಾಗಿ 250 ಗ್ರಾಂ ಪುಡಿಗೆ ಸುಮಾರು 300 ಗ್ರಾಂ ಹಸಿ ಬೀಜ ಬೇಕು, ಅಂದ್ರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಪ್ರೀಮಿಯಂ 13 ಸೆಂಟ್ ಆಯ್ತು, ಡಾಲರಿಗೆ 85 ರೂಪಾಯಿ ಅಂತ ಹಿಡಿದ್ರೆ 11 ರೂಪಾಯಿ. ಮೂವತ್ತು ಪರ್ಸೆಂಟ್ ಚಿಕೋರಿ ಹಾಕಿದ ನಮ್ಮ ಫಿಲ್ಟರ್ ಪುಡಿ ಆದ್ರೆ 8 ರೂಪಾಯಿಗೂ ಕಮ್ಮಿ! ಪಕ್ಕದ ಸಾದಾ ಪ್ಯಾಕೆಟ್ಟಿಗಿಂತ ಇದಕ್ಕೆ 150 ರೂಪಾಯಿ ಜಾಸ್ತಿ ಕೊಟ್ಟಿದ್ರೆ, ಮಿಕ್ಕಿದ್ದರಲ್ಲಿ ಬಹುಪಾಲು ರೋಸ್ಟರು, ಅಂಗಡಿ, ಪ್ಯಾಕಿಂಗು, ಬ್ರ್ಯಾಂಡಿಗೆ ಹೋಯ್ತು ಮಾರಾಯ್ರೇ.

ಕನಿಷ್ಠ ಬೆಲೆ ಕೆಲಸಕ್ಕೆ ಬರೋದು ಮಾರ್ಕೆಟ್ ಬಿದ್ದಾಗ. ಒಂದು ಸಂಘ 10 ಟನ್ ಬೀಜ ಕೂಡಿಸ್ತು ಅನ್ಕೊಳ್ಳಿ, ಫೇರ್‌ಟ್ರೇಡ್ ಲೆಕ್ಕದಲ್ಲಿ ಕೊಳ್ಳೋರು ಸಿಕ್ಕಿದ್ದು 4 ಟನ್ನಿಗೆ ಮಾತ್ರ, ಇದು ಮಾಮೂಲಿ, ಸರ್ಟಿಫಿಕೇಟ್ ಇದೆ ಅಂತ ಪೂರ್ತಿ ಬೆಳೆ ಕೊಳ್ಳಲೇಬೇಕು ಅಂತ ಯಾರಿಗೂ ಕಟ್ಟುಪಾಡಿಲ್ಲ. ಮಾರ್ಕೆಟ್ 1 ಡಾಲರ್‌ನಲ್ಲಿದ್ರೆ 4 ಟನ್ನಿಗೆ 1.80, ಉಳಿದ 6 ಟನ್ನಿಗೆ 1, ಸರಾಸರಿ ಬಿದ್ದದ್ದು 1.32. ಸರ್ಟಿಫಿಕೇಟ್ ಖರ್ಚು ಮಾತ್ರ ಪೂರ್ತಿ ಸಂಘದ್ದೇ. ಆದ್ರೂ ಮೂವತ್ತೆರಡು ಸೆಂಟ್ ಜಾಸ್ತಿ, ಬೆಲೆ ಕುಸಿದ ವರ್ಷ ಇದು ಸಣ್ಣ ಮಾತಲ್ಲ.

2025ರ ಫೆಬ್ರವರಿಯಲ್ಲಿ ಅರೇಬಿಕಾ 4 ಡಾಲರ್ ದಾಟಿದಾಗ ಕಥೆ ಉಲ್ಟಾ. ಆಗ 1.80 ಲೆಕ್ಕಕ್ಕೇ ಇಲ್ಲ, ಉಳಿದಿದ್ದು 20 ಸೆಂಟ್ ಮಾತ್ರ. ಇಂಥಾ ಟೈಮಲ್ಲಿ ವ್ಯಾಪಾರಿ ತೋಟದ ಬಾಗಿಲಿಗೇ ಕ್ಯಾಶ್ ಹಿಡ್ಕೊಂಡು ಬರ್ತಾನೆ, ಸಂಘ ದುಡ್ಡು ಕೊಡೋದು ತಡ, ಸದಸ್ಯರು ಹೊರಗೆ ಮಾರಿಬಿಡ್ತಾರೆ, ಸಂಘ ಹಳೇ ರೇಟಿಗೆ ಒಪ್ಪಿಕೊಂಡ ಕಾಂಟ್ರ್ಯಾಕ್ಟ್ ಪೂರೈಸೋಕೆ ಒದ್ದಾಡತ್ತೆ. ಬೆಳೆಗಾರರನ್ನ ಬೈಯೋಕೂ ಆಗಲ್ಲ, ಸಾಲ ತೀರಿಸೋ ವರ್ಷ ಅದು.

ಇನ್ನೊಂದು ವಿಷ್ಯ ಊರಿಗೆ ಹತ್ತಿರದ್ದು. ಕಾಫಿಯಲ್ಲಿ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ಸರ್ಟಿಫಿಕೇಟ್ ಕೊಡತ್ತೆ, ದೊಡ್ಡ ಎಸ್ಟೇಟಿಗೆ ಇಲ್ಲ. ಅಮೆರಿಕದ ಫೇರ್ ಟ್ರೇಡ್ ಯುಎಸ್‌ಎ 2011ರಲ್ಲಿ ಬೇರೆ ಆಗಿ ಹೋಗಿದ್ದೇ ಎಸ್ಟೇಟನ್ನೂ ಸೇರಿಸಬೇಕು ಅಂತ. ಹಾಗಾಗಿ ಚಿಕ್ಕಮಗಳೂರು, ಕೊಡಗಿನ ದೊಡ್ಡ ತೋಟದ ಪ್ಯಾಕೆಟ್ಟಲ್ಲಿ ನಿಮಗೆ ಸಿಗೋದು ಹೆಚ್ಚಾಗಿ ಕಪ್ಪೆ. ಲೈನ್ ಮನೇಲಿ ಇದ್ದು ಹಣ್ಣು ಕೊಯ್ಯೋರಿಗೆ ಪೌಂಡಿಗೆ 1.80ರ ಮಾತು ಯಾವತ್ತೂ ಇರಲಿಲ್ಲ, ಸಣ್ಣ ಬೆಳೆಗಾರರ ತೋಟಕ್ಕೆ ಕೊಯ್ಲಿಗೆ ಬರೋ ಕೂಲಿಯೋರ ಸ್ಥಿತಿಯೂ ಅಷ್ಟಕ್ಕಷ್ಟೇ. ಇಥಿಯೋಪಿಯಾ, ಉಗಾಂಡಾದಲ್ಲಿ ಲಂಡನ್‌ನ ಸೋಯಸ್ ಸಂಸ್ಥೆ ಮಾಡಿದ ಅಧ್ಯಯನ 2014ರಲ್ಲಿ ಬಂತು, ಫೇರ್‌ಟ್ರೇಡ್ ಇರೋ ಜಾಗದಲ್ಲಿ ಕೂಲಿಯೋರ ಸಂಬಳ ಬೇರೆ ಕಡೆಗಿಂತ ಏನೂ ಚೆನ್ನಾಗಿಲ್ಲ ಅಂತ ಅದು ಹೇಳ್ತು.

ಅಂಗಡೀಲಿ ಮಾಡೋದು ಇಷ್ಟೇ: ಪ್ಯಾಕೆಟ್ ತಿರುಗಿಸಿ ಸಂಘದ ಹೆಸರೋ ಎಸ್ಟೇಟ್ ಹೆಸರೋ ಇದೆಯಾ ನೋಡಿ. ಬರೀ 'ಡೈರೆಕ್ಟ್ ಟ್ರೇಡ್', 'ಎಥಿಕಲ್' ಅಂತಿದ್ರೆ ಅದರ ಹಿಂದೆ ಹೊರಗಿನೋರ ಆಡಿಟ್ ಇರಲೇಬೇಕು ಅಂತೇನಿಲ್ಲ, ಕಂಪನಿಯ ಸ್ವಂತ ಮಾತೂ ಆಗಿರಬಹುದು. ಆಗ ಬೀಜಕ್ಕೆ ಕಿಲೋಗೆ ತೋಟದಲ್ಲಿ ಎಷ್ಟು ಕೊಟ್ರಿ ಅಂತ ಮೇಲ್ ಹಾಕಿ ಕೇಳಿ, ಕೆಲವು ಚಿಕ್ಕ ರೋಸ್ಟರ್‌ಗಳು ಹೇಳ್ತಾರೆ. ಸೀಲ್ ಇಲ್ದಿದ್ರೂ ಅಂಥೋರ ಪ್ಯಾಕೆಟ್ ತಗೊಳ್ಳೋಕೆ ನನಗೇನೂ ಬೇಜಾರಿಲ್ಲ.