ವರ್ಷಾಂತ್ಯದ ಬಿಲ್ ಯಾವ ವರ್ಷದ್ದು? ಕಟ್‌ಆಫ್ ಪರಿಶೀಲಿಸುವ ಕ್ರಮ

ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಬಿಲ್ಲಿನ ಮೇಲೆ ಅದೇ ತಾರೀಖು ಕಂಡರೆ ಟಿಕ್ ಹಾಕಿ ಮುಂದೆ ಹೋಗುವವರೇ ಹೆಚ್ಚು. ಆದರೆ ಆ ತಾರೀಖು ಬಿಲ್ ಮಾಡಿದವರು ಟೈಪ್ ಮಾಡಿದ್ದು, ಅಷ್ಟೆ. ಸರಕಿನ ಮೇಲಿನ ಹತೋಟಿ ಗ್ರಾಹಕರಿಗೆ ಹೋದದ್ದು ಯಾವತ್ತು ಎಂಬುದರ ಮೇಲೆ ಮಾರಾಟದ ವರ್ಷ ನಿಲ್ಲುತ್ತದೆ. ಮಾರಾಟ ಸರಿಯಾದ ವರ್ಷದ ಲೆಕ್ಕಕ್ಕೇ ಸೇರಿದೆಯೇ ಎಂದು ನೋಡುವುದೇ ಕಟ್‌ಆಫ್ ಪರಿಶೀಲನೆ.

ಸ್ಟಾಕ್ ಎಣಿಸುವ ದಿನವೇ ಗೋದಾಮಿನಲ್ಲಿ ಕೊನೆಯ ಡೆಲಿವರಿ ಚಲನ್‌ನ ಸಂಖ್ಯೆ ಬರೆದುಕೊಳ್ಳಿ. ಫೋನಿನಲ್ಲಿ ಕೇಳಿ ಬರೆದುಕೊಂಡ ಸಂಖ್ಯೆಯನ್ನು ನಂಬಬೇಡಿ. ಪುಸ್ತಕ ತೆರೆದು, ಮುಂದಿನ ಹಾಳೆ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ.

ಆಮೇಲೆ ಆ ಸಂಖ್ಯೆಯ ಹಿಂದಿನ ಹತ್ತು, ಮುಂದಿನ ಹತ್ತು ಚಲನ್ ತೆಗೆದು ಬಿಲ್ಲಿಗೆ ಹೊಂದಿಸಿ. ಹತ್ತು ಎಂಬುದು ಕಟ್ಟುನಿಟ್ಟಲ್ಲ. ದೊಡ್ಡ ಮೊತ್ತದ್ದು ಆಚೆ ಉಳಿದಿದ್ದರೆ ಅದನ್ನೂ ಸೇರಿಸಿ. ಚಲನ್‌ನಿಂದ ಬಿಲ್ಲಿಗೆ ಹೋದರೆ ಬಿಟ್ಟುಹೋದ ಮಾರಾಟ ಸಿಗುತ್ತದೆ. ಬಿಲ್ಲಿನಿಂದ ಚಲನ್‌ಗೆ ಬಂದರೆ ಸರಕು ಹೋಗುವ ಮುಂಚೆಯೇ ತೋರಿಸಿದ ಮಾರಾಟ ಸಿಗುತ್ತದೆ. ಬಿಲ್ ಪಟ್ಟಿಯಿಂದಷ್ಟೇ ಆರಿಸಿಕೊಳ್ಳುವ ಅಡ್ಡದಾರಿಯಲ್ಲಿ ಮೊದಲನೆಯ ತಪ್ಪು ಕಾಣಿಸುವುದೇ ಇಲ್ಲ, ಏಕೆಂದರೆ ಆಗದ ಬಿಲ್ ಪಟ್ಟಿಯಲ್ಲಿರುವುದಿಲ್ಲ.

ಎಡವುವ ಜಾಗ ಮುಂದಿದೆ. ಒಂದು ಬಿಲ್ ಡಿಸೆಂಬರ್ 30ರದು, ಮೊತ್ತ 4,80,000. ಲಾರಿ 31ರ ಸಂಜೆ ಗೇಟ್ ದಾಟಿದೆ, ಗೇಟ್ ರಿಜಿಸ್ಟರಿನಲ್ಲೂ ಹಾಗೇ ಇದೆ. ಎಲ್ಲವೂ ಸರಿ ಅನಿಸುತ್ತದೆ. ಈಗ ಖರೀದಿ ಆರ್ಡರ್ ತೆಗೆದು ಷರತ್ತು ಓದಿ: ಗ್ರಾಹಕರ ಅಂಗಳಕ್ಕೆ ತಲುಪಿಸುವವರೆಗೆ ಹೊಣೆ ಮಾರಿದವರದು. ಗ್ರಾಹಕರು ಸಹಿ ಮಾಡಿದ ಚಲನ್ ಪ್ರತಿಯಲ್ಲಿ ತಾರೀಖು ಜನವರಿ 3. ಹಾಗಾದರೆ ಈ ಮಾರಾಟ ಮುಂದಿನ ವರ್ಷದ್ದು. ನಮ್ಮ ಗೇಟಿನಲ್ಲೇ ಒಪ್ಪಿಸುವ ಷರತ್ತಿದ್ದರೆ ಅದೇ ಬಿಲ್ ಈ ವರ್ಷಕ್ಕೇ ಉಳಿಯುತ್ತಿತ್ತು. ಸಹಿಯ ಪ್ರತಿ ಸಿಗದಿದ್ದರೆ ಸಾಗಣೆದಾರರ ಡೆಲಿವರಿ ದಾಖಲೆ ಕೇಳಿ. ಮಾರಾಟ ವಿಭಾಗದವರ ಇಮೇಲ್ ಅದಕ್ಕೆ ಬದಲಿಯಾಗುವುದಿಲ್ಲ.

ತಿದ್ದುವಾಗ ಅರ್ಧಕ್ಕೇ ಕೈಬಿಡುವುದು ಇನ್ನೊಂದು ರೋಗ. 4,80,000 ಮಾರಾಟದಿಂದಲೂ ಗ್ರಾಹಕರ ಬಾಕಿಯಿಂದಲೂ ತೆಗೆದರೆ ಕೆಲಸ ಮುಗಿಯಲಿಲ್ಲ. ಆ ಸರಕು 31ರ ರಾತ್ರಿ ಲಾರಿಯಲ್ಲಿತ್ತು, ಹಾಗಾಗಿ ಎಣಿಕೆಗೆ ಸಿಕ್ಕಿಲ್ಲ. ಅದರ ವೆಚ್ಚ 3,60,000 ಆಗಿದ್ದರೆ ಅಷ್ಟನ್ನು ಮಾರಾಟವಾದ ಸರಕಿನ ವೆಚ್ಚದಿಂದ ತೆಗೆದು ದಾರಿಯಲ್ಲಿರುವ ಸ್ಟಾಕ್ ಎಂದು ಸೇರಿಸಬೇಕು. ಆಗ ತೆರಿಗೆಗೆ ಮುಂಚಿನ ಲಾಭ ಇಳಿಯುವುದು 1,20,000 ಮಾತ್ರ. ಸ್ಟಾಕ್ ಮರೆತರೆ ಲಾಭವನ್ನು ಪೂರ್ತಿ 4,80,000 ಇಳಿಸಿ, ಹಳೆಯ ತಪ್ಪಿನ ಜಾಗದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಕೂರಿಸಿದಂತಾಗುತ್ತದೆ.

ಕೊನೆಗೆ ಜನವರಿಯ ಕ್ರೆಡಿಟ್ ನೋಟುಗಳನ್ನು ತಿರುವಿಹಾಕಿ. ಡಿಸೆಂಬರಿನ ಕೊನೆಯ ವಾರದ ಬಿಲ್ ಪೂರ್ತಿ ರದ್ದಾಗಿ, ಅದೇ ಸರಕಿಗೆ ಅದೇ ಮೊತ್ತದ ಹೊಸ ಬಿಲ್ ಬಂದಿದ್ದರೆ ಮೊದಲ ಬಿಲ್ಲಿನ ಚಲನ್ ತೋರಿಸಿ ಎಂದು ಕೇಳಿ. ಎಷ್ಟೋ ಸಲ ಅಂಥ ಚಲನ್ ಇರುವುದೇ ಇಲ್ಲ.